ಎ-ಬಿ-ಸಿ-ಡಿ ಎಲ್ಲಾ ಬರ್ತೈತಿ, ‘ಮ್ಯಾಟ್’ ಓದಾಕ ಬರವಲ್ದು

ಕೊಪ್ಪಳದ ತಾಯಿ ಕೇಳಿದ್ದು: ಮಗಳು ಯುಕೆಜಿ, ಐದೂವರೆ ವರ್ಷ. ಎ ಇಂದ ಝಡ್ ತನಕ ಗಡಗಡ ಹೇಳ್ತಾಳ. ‘ಮ್ಯಾಟ್’ ಅಂತ ಇಂಗ್ಲಿಷಿನಾಗ ಬರದು ತೋರಿಸಿದ್ರ ‘ಎಮ್, ಎ, ಟಿ’ ಅಂದು ನನ್ನ ಮುಖ ನೋಡ್ತಾಳ. ಶಾಲ್ಯಾಗ ‘ಮನಿಯಾಗ ಫೋನಿಕ್ಸ್ ಮಾಡಸ್ರಿ’ ಅಂದ್ರು, ಹೆಂಗಂತ ಹೇಳಲಿಲ್ಲ. ಸಂಜಿಗೆ 15 ನಿಮಿಷ ಸಿಗ್ತೈತಿ. ಒಂದು ವಾರಕ್ಕ ಏನೇನು ಮಾಡಿಸಲಿ? ಮಾಡಿದವರು ಹೇಳ್ರಿ.

ಬಳ್ಳಾರಿಯ ತಂದೆ: ನಾವೂ ಇದೇ ಪಾಡು ಪಟ್ಟಿದ್ದೀವಿ. ಫೋನಿಕ್ಸ್ ಅಂದರೆ ಅಕ್ಷರದ ಹೆಸರು ಬಿಟ್ಟು ಅದರ ಸದ್ದು ಕೂಡಿಸಿ ಓದೋದು. ಮೊದಲು ಮಾಡಬೇಕಾದ್ದು, ‘ಎಮ್’ ಅನ್ನೋದನ್ನ ಬಿಡಿಸಿ ‘ಮ್’ ಅನ್ನಿಸಿ. ‘ಮ’ ಅಲ್ಲ, ‘ಮ್’. ‘ಮ-ಆ-ಟ’ ಅಂದರೆ ‘ಮಾಟ’ ಆಗುತ್ತೆ, ಮಾಟ ಮಂತ್ರ! ನಾನು ಮಗನಿಗೆ 26 ಅಕ್ಷರದ ಸದ್ದನ್ನೂ ಒಂದು ತಿಂಗಳು ಬಾಯಿಪಾಠ ಮಾಡಿಸಿದೆ, ಆಮೇಲೆ ಕೂಡಿಸೋದು ಶುರು ಮಾಡಿದೆ. ಪ್ರತಿ ಪದದ ಕೆಳಗೆ ಕನ್ನಡದಲ್ಲಿ ಬರೆದುಕೊಟ್ಟೆ. ಈಗ ಚೆನ್ನಾಗಿ ಓದ್ತಾನೆ.

ಗಂಗಾವತಿಯ ಶಿಕ್ಷಕಿ: ಸರ್, ನಿಮ್ಮ ಮೊದಲ ಮಾತು ನೂರಕ್ಕೆ ನೂರು ಖರೇ. ಉಳಿದ ಎರಡು ನಾನು ಒಪ್ಪಂಗಿಲ್ಲ. ಕೆಳಗ ಕನ್ನಡದಾಗ ಬರದ್ರ ಕೂಸು ಕನ್ನಡಾನ ಓದ್ತೈತಿ, ಇಂಗ್ಲಿಷ್ ಅಕ್ಷರದ ಕಡೆ ಕಣ್ಣು ಹೋಗಂಗಿಲ್ಲ. ಒಮ್ಮೆ ಕೆಳಗಿನ ಸಾಲು ಮುಚ್ಚಿ ಓದಿಸಿ ನೋಡ್ರಿ. ಮತ್ತ 26 ಸದ್ದು ಮುಗಿಯೋ ತನಕ ಕಾಯೋ ಜರೂರತ್ತಿಲ್ಲ. ನಾಲ್ಕೈದು ಸದ್ದು ಬಂದ ಕೂಡಲೆ ಓದಾಕ ಹಚ್ಚಬಹುದು.

ತಂಗಿ, ನಿನ್ನ ವಾರಕ್ಕ ಐದೇ ಅಕ್ಷರ ಸಾಕು: ಎಮ್, ಎಸ್, ಎನ್, ಎ, ಟಿ. ಭಾಳ ಶಾಲ್ಯಾಗ ಎಸ್, ಎ, ಟಿ, ಐ, ಪಿ, ಎನ್ ಮೊದಲನೇ ಗುಂಪು ಇರ್ತೈತಿ, ಅದೂ ಛಲೋನ. ಆದ್ರ ‘ಮ್’, ‘ಸ್’, ‘ನ್’ ಉಸಿರು ಇರೋ ತನಕ ಎಳೀಬಹುದು, ‘ಮ್‌ಮ್‌ಮ್’ ಅಂತ. ‘ಟ್’, ‘ಪ್’ ಎಳ್ಯಾಕ ಬರಂಗಿಲ್ಲ, ಪಟ್ ಅಂತ ಮುಗೀತಾವ. ಎಳಿಯೋ ಸದ್ದು ಪದದ ಮೊದಲಿಗೆ ಬಂದ್ರ ಕೂಡ್ಸೋದು ಹಗುರ. ಅದಕ್ಕ ‘ಟ್’ ಈ ವಾರ ಪದದ ಕೊನಿಗಷ್ಟ ಇರಲಿ.

ಸೋಮವಾರ ಅಕ್ಷರನ ತೋರಿಸಬ್ಯಾಡ, ಬರೇ ಕಿವಿ. ಅಡಗಿಮನ್ಯಾಗ ನಿಂತು ‘ಕ್… ಅ… ಪ್ ತಗೊಂಬಾ’ ಅನ್ನು. ನಮ್ಮ ಮಕ್ಕಳಿಗೆ ‘ಅ-ವ-ಲ-ಕ್ಕಿ’ ಅಂತ ಅಕ್ಷರಕ್ಕ ಅಕ್ಷರ ಒಡೆಯೋದು ರೂಢಿ, ಅದಕ್ಕಿಂತ ಸಣ್ಣ ತುಂಡು ಕಿವಿಗೆ ಹೊಸಾದು. ಮೊದಲು ಅವಲಕ್ಕಿ, ಬದನಿಕಾಯಿ ಒಡಸು. ಆಮ್ಯಾಲೆ ಕಪ್, ಬಸ್, ಪೆನ್. ಇದು ಬರದಿದ್ರ ಮಂಗಳವಾರನೂ ಇದನ್ನ ಮಾಡು, ಅಕ್ಷರಕ್ಕ ಹೋಗಬ್ಯಾಡ.

ಮಂಗಳವಾರ ಹಳೇ ಲಗ್ನಪತ್ರಿಕೆ ಕತ್ತರಿಸಿ ಹಿಂದಿನ ಬಿಳಿ ಬದಿಗೆ ಎಮ್, ಎಸ್, ಎ ಬರಿ, ಸಣ್ಣಕ್ಷರದಾಗ. ಶಾಲ್ಯಾಗ ದೊಡ್ಡಕ್ಷರ ಮೊದಲು ಕಲಿಸಿರ್ತಾರ, ಪುಸ್ತಕದಾಗ ಇರೋವು ಸಣ್ಣವು. ‘ಎ’ ಸದ್ದಿಗೆ ಭಾಳ ಮಂದಿ ಒದ್ದಾಡ್ತಾರ. ನಮಗೇನೂ ಹೊಸಾದಲ್ಲ ಅದು. ಬ್ಯಾಡ, ಬ್ಯಾಳಿ, ಬ್ಯಾಸಿಗಿ ಅಂತೀವಲ್ಲ, ಆ ಸದ್ದನ್ನ ಸ್ವಲ್ಪ ಗಿಡ್ಡ ಮಾಡಿದ್ರ ಆತು. ಬೆಂಗಳೂರಿನವರು ‘ಬೇಡ’ ಅಂತಾರ, ಅವರಿಗೆ ತ್ರಾಸು!

ಬುಧವಾರ ಎರಡೇ ಸದ್ದಿನ ಪದ: ‘ಆ್ಯಮ್’, ‘ಆ್ಯನ್’. ‘ಎನ್’ ಅವತ್ತ ಸೇರ್ಸು. ಅಂಗಳದಾಗ ಚಾಕ್‌ಪೀಸಿನಿಂದ ಎರಡು ಗುಂಡು ಬರದು ಒಳಗ ಅಕ್ಷರ ಹಾಕು. ಕೂಸು ಕಾಲು ಎತ್ತದಂಗ ಒಂದರಿಂದ ಒಂದಕ್ಕ ಎಳಕೋತ ಹೋಗಬೇಕು, ಬಾಯಾಗಿನ ಸದ್ದೂ ನಡುವ ನಿಂದ್ರಬಾರ್ದು. ಇಲ್ಲೇ ಎಲ್ಲಾರೂ ತಪ್ಪೋದು. ‘ಮ್’ ಅಂದು ನಿಂತು, ‘ಆ್ಯ’ ಅಂದು ನಿಂತು, ‘ಟ್’ ಅಂದು ‘ಈಗ ಕೂಡಸು’ ಅಂದ್ರ ಅಷ್ಟೊತ್ತಿಗೆ ಮೊದಲನೇದು ಮರತಿರ್ತೈತಿ. ಕೂಸು ಮ್ಯಾಟ್ ಬಿಟ್ಟು ‘ಟೋಪಿ’ ಅಂದ್ರ ತಿಳಕೋ, ಕಡೀ ಸದ್ದು ಅಷ್ಟ ಉಳದೈತಿ.

ಗುರುವಾರ ‘ಟಿ’ ಸೇರಿಸಿ ಮ್ಯಾಟ್, ಸ್ಯಾಟ್, ಮ್ಯಾನ್. ಮೊದಲು ‘ಮ್ಯಾ’ ತನಕ ಎಳೀಲಿ, ‘ಟಿ’ ಚೀಟಿ ಮುಚ್ಚಿಡು. ‘ಮ್ಯಾ’ ಗಟ್ಟಿ ಆದ ಮ್ಯಾಲೆ ತಗಿ. ಶುಕ್ರವಾರ ಇವನ್ನ ಬದಲಿಸಿ ಬದಲಿಸಿ: ಮ್ಯಾಟ್‌ನ ಮೊದಲನೇ ಚೀಟಿ ಬದಲಿಸಿದ್ರ ಸ್ಯಾಟ್, ಕಡೇದು ಬದಲಿಸಿದ್ರ ಮ್ಯಾನ್. ಚಿತ್ರ ಮೊದಲು ತೋರಿಸಬ್ಯಾಡ, ಚಿತ್ರ ನೋಡಿ ಊಹಾ ಮಾಡ್ತಾವ. ಓದಿದ ಮ್ಯಾಲೆ ತೋರ್ಸು.

ಶನಿವಾರ ಪರೀಕ್ಷಾ, ಆದ್ರ ಅಕಿಗೆ ಗೊತ್ತಾಗದಂಗ. ಇದುವರೆಗೂ ನೋಡಿರದ ಪದ ಕೊಡು, ಅರ್ಥ ಇಲ್ಲದ್ದೂ ನಡೀತೈತಿ: ‘ನ್ಯಾಸ್’, ‘ಸ್ಯಾನ್’. ಓದಿದ್ರ ಕೂಡ್ಸೋದು ಬಂತು. ‘ಮ್ಯಾಟ್’ ಓದಿ ‘ನ್ಯಾಸ್’ಗೆ ನಿಂತ್ರ ಪದದ ಆಕಾರ ನೆನಪಿಟ್ಟಾಳ ಅಂತ ಅರ್ಥ. ರವಿವಾರ ರಜಾ.

ಸಿಂಧನೂರಿನ ಹಿರಿಯರು: ನಮ್ಮ ಮೊಮ್ಮಗಂದೂ ಇದೇ ಅದ. ಮೂರನೇ ಕ್ಲಾಸು, ಕನ್ನಡ ಪಾಠ ಕೊಟ್ರ ‘ಹ… ತ… ತಾ ಒತ್ತು… ಹತ್ತ’ ಅಂತ ಎಳೀತಾನ. ಕೈಬರಹನೂ ಕೆಟ್ಟದ. ದಿನಾ ಎರಡು ಪುಟ ಕಾಪಿ ಬರಸ್ತೀನಿ, ಸುಧಾರಿಸವಲ್ದು. ನಮ್ಮ ಕಾಲದಾಗ ಕಾಗುಣಿತ ಒದರಿಸ್ತಿದ್ರು, ಫೋನಿಕ್ಸ್ ಗೀನಿಕ್ಸ್ ಇರಲಿಲ್ಲ.

ಗಂಗಾವತಿಯ ಶಿಕ್ಷಕಿ: ಅಜ್ಜಾರ, ಅವರು ಕೇಳಿದ್ದು ಇಂಗ್ಲಿಷಿಂದು. ಆದ್ರ ಕಾಗುಣಿತದ ಮಾತು ಸರಿ ಐತ್ರಿ. ‘ಮ್’ಗೆ ‘ಆ’ ಕೂಡಿ ‘ಮಾ’ ಆಗೋದೂ ಕೂಡ್ಸೋದ. ಫರಕು ಏನಂದ್ರ, ಕನ್ನಡದಾಗ ಕೂಡಿದ ರೂಪಾನ ಬರದು ಕೊಡ್ತೀವಿ, ಇಂಗ್ಲಿಷಿನಾಗ ಕೂಸು ತಾನ ಕೂಡಿಸಬೇಕು. ಕಾಪಿ ಬರಸೋದರಿಂದ ಓದು ಬರಂಗಿಲ್ರಿ. ‘ಹತ್ತು, ಸುತ್ತು, ಮುತ್ತು’ ಅಂತ ಒಂದೇ ಒತ್ತಿನ ಪದ ಸಾಲಾಗಿ ಓದಿಸಿ ನೋಡ್ರಿ. ಮೂರನೇ ಕ್ಲಾಸಿಗೂ ಇಷ್ಟು ತಡೀತಾನಂದ್ರ ಒಮ್ಮೆ ಕಣ್ಣು ತೋರಿಸ್ರಿ.

ಬಳ್ಳಾರಿಯ ತಂದೆ: ನಿನ್ನೆ ಕೆಳಗಿನ ಸಾಲು ಮುಚ್ಚಿದೆ, ಮೇಡಂ. ಹತ್ತರಲ್ಲಿ ನಾಲ್ಕು ಓದಿದ. ಆದರೂ 26 ಸದ್ದು ಮೊದಲೇ ಕಲಿಸಿದ್ದು ದಂಡ ಆಯ್ತು ಅಂತ ನಾನು ಒಪ್ಪಲ್ಲ. ಇನ್ನೊಂದು: ಅವನು ‘ಮ್ಯಾಟು’, ‘ಮ್ಯಾನು’ ಅಂತಾನೆ. ತಿದ್ದಬೇಕಾ?

ಗಂಗಾವತಿಯ ಶಿಕ್ಷಕಿ: ನಾವು ಬಸ್ಸು, ಕಾರು, ಪೆನ್ನು ಅನ್ನೋ ಮಂದಿ. ಓದಿದ್ದು ಸರಿ ಐತಿ, ಕಡೀಗೆ ಉಕಾರ ನಮ್ಮ ನಾಲಿಗಿಂದು. ನಾನು ತಿದ್ದಂಗಿಲ್ಲ, ನಮ್ಮ ಶಾಲ್ಯಾಗಿನ ಇನ್ನೊಬ್ಬ ಮೇಡಂ ತಿದ್ದತಾರ. ಮೊದಲಿನ ‘ಮ’, ‘ಸ’ ಮಾತ್ರ ತಿದ್ದಲೇಬೇಕು, ಅಲ್ಲಿ ‘ಅ’ ಸೇರಿದ್ರ ಪದಾನ ಹುಟ್ಟಂಗಿಲ್ಲ.

ಕೊಪ್ಪಳದ ತಾಯಿ (ಶನಿವಾರ ರಾತ್ರಿ): ಅಕ್ಕಾರ, ಸೋಮವಾರದ್ದು ಎರಡು ದಿನ ಹಿಡೀತು. ‘ಕ್… ಅ… ಪ್’ ಅಂದ್ರ ಮೊದಲನೇ ದಿನ ‘ಕಾಫಿ’ ಅಂದ್ಲು. ಅದಕ್ಕ ಎಲ್ಲಾ ಒಂದೊಂದು ದಿನ ಹಿಂದ ಬಿತ್ತು. ಅಂಗಳದಾಗ ಕಾಲು ಎಳಿಯೋದು ಅಕಿಗೆ ಭಾಳ ಸೇರ್ತು, ಪಕ್ಕದ ಮನಿ ಹುಡುಗರೂ ಬಂದ್ರು, 15 ನಿಮಿಷ ಹೋಗಿ ಒಂದು ತಾಸು ಆತು. ಇವತ್ತ ‘ಸ್ಯಾಟ್’, ‘ಮ್ಯಾನ್’ ಓದಿದ್ಲು. ಹೊಸಾವು ಮೂರು ಕೊಟ್ಟೆ. ‘ನ್ಯಾಸ್’, ‘ಸ್ಯಾನ್’ ಎಳದು ಎಳದು ಓದಿದ್ಲು. ಸುಮ್ಮನ ಇರಲಾರದ ‘ಟ್ಯಾನ್’ನೂ ಕೊಟ್ಟೆ, ‘ನ್ಯಾಟ್’ ಅಂದ್ಲು. ಹಿಂದಮುಂದ ಓದ್ತಾಳಂತ ಹೆದರಿಕಿ ಆತು.

ಗಂಗಾವತಿಯ ಶಿಕ್ಷಕಿ: ಒಂದು ಪದಕ್ಕ ಹೆದರಬ್ಯಾಡ. ‘ಟ್’ ಮೊದಲಿಗೆ ಬ್ಯಾಡ ಅಂದಿದ್ದು ಇದಕ್ಕ. ಎಳ್ಯಾಕ ಬರಂಗಿಲ್ಲ, ಅದಕ್ಕ ಎಳಿಯಾಕ ಬರೋ ‘ನ್’ ಹಿಡಕೊಂಡು ಶುರು ಮಾಡ್ಯಾಳ. ಮುಂದಿನ ವಾರ ಹೊಸ ಅಕ್ಷರ ಬ್ಯಾಡ. ‘ಟಿ’ ಚೀಟಿಗೆ ‘ಎ’ ಚೀಟಿ ಅಂಟಿಸಿ ಒಂದೇ ಉಸಿರಿಗೆ ‘ಟ್ಯಾ’ ಅನ್ನಿಸು, ಕಾಗುಣಿತ ಅಂದಂಗ. ಆಮ್ಯಾಲೆ ‘ಎನ್’ ಇಡು. ಓದುವಾಗ ಎಡಗಡೆಯಿಂದ ಬೆರಳು ಸರಿಸ್ಲಿ.