ಸಹಾಯ ಬೇಕು: 5 ರೂಪಾಯಿ ಬಡ್ಡಿ, ಚಕ್ರಬಡ್ಡಿ ಲೆಕ್ಕ

ಎಲ್ಲರಿಗೂ ನಮಸ್ಕಾರ. ಹೋದ ವರ್ಷ ಅಮ್ಮನ ಆಪರೇಷನ್‌ಗೆ ಕೈಸಾಲ 50,000 ತಗೊಂಡೆ, ತಿಂಗಳಿಗೆ ನೂರಕ್ಕೆ 5 ರೂಪಾಯಿ ಬಡ್ಡಿ. ಹನ್ನೆರಡು ತಿಂಗಳು ಒಂದು ಪೈಸೆ ಕಟ್ಟೋಕಾಗಲಿಲ್ಲ. ವರ್ಷಕ್ಕೆ ಶೇ. 60, ಒಟ್ಟು 80,000 ಅಂದುಕೊಂಡಿದ್ದೆ. ಸಾಲ ಕೊಟ್ಟವರ ಕೆಂಪು ಡೈರಿಯಲ್ಲಿ 89,793 ಇದೆ!

ಮೊದಲ ತಿಂಗಳ ಬಡ್ಡಿ 2,500. ಅದನ್ನ ಅಸಲಿಗೆ ಸೇರಿಸಿ, ಎರಡನೇ ತಿಂಗಳು 52,500ಕ್ಕೆ 2,625 ಹಾಕಿದ್ದಾರೆ. ಹೀಗೇ ಪ್ರತಿ ತಿಂಗಳು. ನಾನೂ ಕೂಡಿ ನೋಡಿದೆ, ಲೆಕ್ಕ ತಪ್ಪಿಲ್ಲ. ಅಲ್ಲಿಗೆ ನಿಜವಾದ ಬಡ್ಡಿ ವರ್ಷಕ್ಕೆ ಹತ್ತತ್ರ ಶೇ. 80. ಈಗ ತಿಂಗಳ ಬಡ್ಡಿಯೇ 4,490, ಹಾಗಾಗಿ 2,500 ಕಟ್ಟಿದರೂ ಸಾಲ ಬೆಳೀತಾನೇ ಇರುತ್ತೆ.

ಬಡ್ಡಿನ ಅಸಲಿಗೆ ಸೇರಿಸೋ ಮಾತೇ ಆಗಿರಲಿಲ್ಲ, ಆದರೆ ಖಾಲಿ ಚೆಕ್ ಅವರ ಹತ್ರ ಇದೆ. 80,000ಕ್ಕೆ ಒಪ್ಪಿಸಿ, ಬರಹದಲ್ಲಿ ಇತ್ಯರ್ಥ ಮಾಡಿಕೊಂಡವರು ಯಾರಾದರೂ ಇದ್ದೀರಾ? ಹೇಗೆ ಮಾತು ಶುರು ಮಾಡಿದಿರಿ?