ಅಂಚಿನಲ್ಲಿ ‘ಆಧಾರ?’ ಅಂತ ಬರೆದಿದ್ರೆ ಏನು ತಿದ್ದೋದು

“ಚಿಕ್ಕಮ್ಮ, ಬೆಂಗಳೂರಿನ ಕೆರೆಗಳ ಪ್ರಬಂಧಕ್ಕೆ 20ಕ್ಕೆ 11 ಬಂತು. ಮೇಡಂ ಅಂಚಲ್ಲಿ ‘ಆಧಾರ?’, ‘ಹಾಗಾದರೆ?’ ಅಂತ ಬರೆದಿದ್ದಾರೆ, ಕೊನೇಲಿ ‘ವಿಷಯ ತೇಲಿದೆ’ ಅಂತ. ಒಂಬತ್ತು ಕಡೆ ಕಾಗುಣಿತಕ್ಕೆ ಗೆರೆ. ಸೋಮವಾರ ತಿದ್ದಿ ಕೊಡಬೇಕು. ಎಲ್ಲಿಂದ ಶುರು ಮಾಡ್ಲಿ?”

ಕಂದ, ನೀನು ಕಳಿಸಿದ ಫೋಟೋ ಪೂರ್ತಿ ಓದಿದೆ. ಮೊದಲು ಕಾಗುಣಿತಕ್ಕೆ ಕೈ ಹಾಕ್ಬೇಡ. ಗೆರೆ ಎಳೆದಿರೋ ಒಂಬತ್ತರಲ್ಲಿ ನಾಲ್ಕು ಮೊದಲನೇ ಪ್ಯಾರಾದಲ್ಲೇ ಇವೆ, ಆ ಪ್ಯಾರಾ ಉಳಿಯೋದೇ ಅನುಮಾನ. ಹೋಗೋ ವಾಕ್ಯಾನ ತಿದ್ದಿ ಏನು ಪ್ರಯೋಜನ?

ಒಂದು ಹಾಳೇಲಿ ಮೂರು ಕಲಂ ಹಾಕ್ಕೋ. ಮೊದಲನೇದ್ರಲ್ಲಿ ಮೇಡಂ ಬರೆದ ಮಾತು ಹಾಗೇ, ಎರಡನೇದ್ರಲ್ಲಿ ಅದು ನಿನ್ನ ಯಾವ ವಾಕ್ಯದ ಪಕ್ಕದಲ್ಲಿದೆಯೋ ಆ ವಾಕ್ಯ, ಮೂರನೇದ್ರಲ್ಲಿ ನೀನು ಮಾಡೋ ಕೆಲಸ. ಎಡವೋದು ಈ ಮೂರನೇ ಕಲಂನಲ್ಲೇ. ‘ಆಧಾರ ಸೇರಿಸಬೇಕು’ ಅಂತ ಬರೆದ್ರೆ ಅದು ಮೇಡಂ ಮಾತನ್ನೇ ತಿರುಗಿಸಿ ಬರೆದ ಹಾಗೆ. ಎಷ್ಟನೇ ಪ್ಯಾರಾ, ಎಷ್ಟನೇ ವಾಕ್ಯ, ಏನು ತೆಗೀತೀಯ, ಏನು ಹಾಕ್ತೀಯ, ಇಷ್ಟೂ ಇರಬೇಕು.

ನಿನ್ನ ಎರಡನೇ ಪ್ಯಾರಾನೇ ತಗೋ. “ಅಭಿವೃದ್ಧಿಯ ಹೆಸರಿನಲ್ಲಿ ಅನೇಕ ಕೆರೆಗಳು ಮಾಯವಾಗಿವೆ” ಅಂತಿದೆ, ಪಕ್ಕದಲ್ಲಿ ‘ಆಧಾರ?’. ಮಾತು ಸುಳ್ಳು ಅಂತ ಅವರು ಹೇಳ್ತಿಲ್ಲ, ಯಾವ ಕೆರೆ ಅಂತ ಕೇಳ್ತಿದ್ದಾರೆ. ‘ಅನೇಕ’ ತೆಗೆದು ಹೀಗೆ ಬರಿ: “ಮೆಜೆಸ್ಟಿಕ್‌ನ ಕೆಂಪೇಗೌಡ ಬಸ್ ನಿಲ್ದಾಣ ಇರುವುದು ಧರ್ಮಾಂಬುಧಿ ಕೆರೆಯ ಅಂಗಳದಲ್ಲಿ; ಸಂಪಂಗಿ ಕೆರೆಯ ಜಾಗದಲ್ಲಿ ಈಗ ಕಂಠೀರವ ಕ್ರೀಡಾಂಗಣವಿದೆ.” ಎರಡು ಹೆಸರು ಸಾಕು, ಹತ್ತು ಹಾಕಿದ್ರೆ ಪಟ್ಟಿ ಆಗುತ್ತೆ. ಇನ್ನೊಂದು ವಿಷಯ. ಮೇಷ್ಟ್ರುಗಳು ಒಂದು ತಪ್ಪನ್ನ ಒಂದೇ ಕಡೆ ಗುರುತು ಮಾಡಿ ಮುಂದೆ ಹೋಗ್ತಾರೆ, ಬಾಕಿ ಕಡೆ ನೀನೇ ಹುಡುಕ್ಕೋಬೇಕು. ‘ಅನೇಕ’, ‘ಬಹಳಷ್ಟು’, ‘ಎಲ್ಲರಿಗೂ ತಿಳಿದಂತೆ’ ಇವಕ್ಕೆಲ್ಲ ಪೆನ್ಸಿಲ್‌ನಲ್ಲಿ ಸುತ್ತು ಹಾಕು. ನನ್ನ ಕಣ್ಣಿಗೇ ಇನ್ನೂ ಮೂರು ಕಂಡವು.

ಈಗ ‘ಹಾಗಾದರೆ?’. ಇದು ‘ಆಧಾರ?’ಕ್ಕೆ ತದ್ವಿರುದ್ಧ. ಸಂಗತಿ ಇದೆ, ಅದ್ರಿಂದ ಏನಾಯ್ತು ಅನ್ನೋದಿಲ್ಲ. “2017ರ ಫೆಬ್ರವರಿಯಲ್ಲಿ ಬೆಳ್ಳಂದೂರು ಕೆರೆಗೆ ಬೆಂಕಿ ಬಿತ್ತು” ಅಂತ ಬರೆದು ಪ್ಯಾರಾ ಮುಗಿಸಿಬಿಟ್ಟಿದ್ದೀಯ. ಓದೋರು “ಅದಕ್ಕೆ?” ಅಂತ ನಿಂತುಬಿಡ್ತಾರೆ. ಇಲ್ಲಿ ಇನ್ನೊಂದು ಅಂಕಿ ಅಂಶ ತಂದು ತುರುಕಿದ್ರೆ ಟಿಪ್ಪಣಿ ಹಾಗೇ ಉಳಿಯುತ್ತೆ. ಬೇಕಾಗಿರೋದು ಸಂಗತಿನ ನಿನ್ನ ವಾದಕ್ಕೆ ಜೋಡಿಸೋ ಮೂರು ವಾಕ್ಯ: “ಈ ಕೆರೆಯನ್ನು ಯಾರೂ ಮುಚ್ಚಿರಲಿಲ್ಲ, ನೀರೂ ಇತ್ತು. ಆದರೆ ವರ್ಷಗಳಿಂದ ಕೊಳಚೆ ನೀರು ಹರಿದು ಬಂದದ್ದರಿಂದ ಅದು ಕೆರೆಯಾಗಿ ಉಳಿದಿರಲಿಲ್ಲ. ಒತ್ತುವರಿ ತಡೆದ ಮಾತ್ರಕ್ಕೆ ಕೆರೆ ಉಳಿಯುವುದಿಲ್ಲ.” ನೋಡು, ಇಷ್ಟು ಹೊತ್ತಿಗೆ ನಿನ್ನ ಪ್ರಬಂಧದ ಮುಖ್ಯ ಮಾತೇ ಸಿಕ್ಕಿಬಿಡ್ತು: ಕೆರೆ ಎರಡು ಥರ ಸಾಯುತ್ತೆ, ಮುಚ್ಚಿದ್ರೂ ಸಾಯುತ್ತೆ, ಕೊಳೆಸಿದ್ರೂ ಸಾಯುತ್ತೆ.

‘ವಿಷಯ ತೇಲಿದೆ’ ಅನ್ನೋದಕ್ಕೆ ಉತ್ತರ ಇಲ್ಲಿಂದಲೇ ಹುಟ್ಟುತ್ತೆ. ಆ ಮುಖ್ಯ ಮಾತನ್ನ ಹಾಳೆ ಮೇಲೆ ಬರೆದಿಟ್ಕೊಂಡು, ಪ್ರತಿ ಪ್ಯಾರಾದ ಪಕ್ಕ ಅದು ಏನು ಹೇಳುತ್ತೆ ಅಂತ ಒಂದೇ ಸಾಲು ಬರಿ. ನಿನ್ನ ಮೂರನೇದಕ್ಕೂ ಐದನೇದಕ್ಕೂ ಒಂದೇ ಸಾಲು ಬರುತ್ತೆ, ಎರಡೂ ಕೂಡಿಸಿಬಿಡು. “ನೀರೇ ಜೀವನ, ಜಲವಿಲ್ಲದೆ ಜಗವಿಲ್ಲ” ಅಂತ ಶುರುವಾಗೋ ಮೊದಲನೇ ಪ್ಯಾರಾ ಯಾವ ನೀರಿನ ಪ್ರಬಂಧಕ್ಕಾದ್ರೂ ಹೊಂದುತ್ತೆ. ಅದನ್ನ ತೆಗೆದು ಮೆಜೆಸ್ಟಿಕ್‌ನ ವಾಕ್ಯದಿಂದಲೇ ಆರಂಭಿಸು.

ಕಾಗುಣಿತ ಭಾನುವಾರ ಸಂಜೆಗೆ ಇಟ್ಕೋ. ಉಳಿದ ಐದೂ ಬೇರೆ ಬೇರೆ ತಪ್ಪಲ್ಲ, ಎಲ್ಲಾ ಮಹಾಪ್ರಾಣ ಬಿಟ್ಟಿರೋದು: ‘ಅಬಿವೃದ್ದಿ’, ‘ಸಂರಕ್ಷಣೆಯ ಅರ್ತ’ ಹೀಗೆ. ಹೊಸ ಕರಡನ್ನ ಕೊನೇ ವಾಕ್ಯದಿಂದ ಹಿಂದಕ್ಕೆ ಓದ್ತಾ ಬಾ, ಆಗ ಅರ್ಥದ ಓಟ ತಪ್ಪಿ ಅಕ್ಷರ ಕಣ್ಣಿಗೆ ಬೀಳುತ್ತೆ.

ಮುಗಿದ ಮೇಲೆ ಮೂರನೇ ಕಲಂನ ಒಂದೊಂದು ಸಾಲಿಗೂ ಹೊಸ ಕರಡಿನಲ್ಲಿ ಬೆರಳಿಟ್ಟು ತೋರಿಸೋಕಾಗುತ್ತಾ ನೋಡ್ಕೋ. ನಾಲ್ಕನೇ ಪುಟದ ಅಂಚಲ್ಲಿ ಇನ್ನೊಂದು ಪದ ಇದೆ, ಫೋಟೋದಲ್ಲಿ ನನಗೂ ಓದೋಕಾಗ್ಲಿಲ್ಲ. ಅದನ್ನ ಊಹೆ ಮಾಡಿ ತಿದ್ದಬೇಡ. ನಾಳೆ ಮೇಡಂ ಹತ್ರ “ಏನು ಮಾಡ್ಲಿ” ಅಂತ ಕೇಳದೆ, “ಈ ಪ್ಯಾರಾದಲ್ಲಿ ಕಾರಣ ಹೇಳಿಲ್ಲ ಅಂತಾನಾ, ಉದಾಹರಣೆ ಸರಿ ಇಲ್ಲ ಅಂತಾನಾ?” ಅಂತ ಪುಟ ತೆರೆದು ಕೇಳು.