ಸಹಾಯ ಬೇಕು: ಆಲ್ಫಾ ಮತ್ತು ಗಾಮಾ ಹೋಲಿಸುವ ಗ್ರಾಫ್

ನಮಸ್ಕಾರ. ಹಾಸನದಲ್ಲಿ ಬಿಎಸ್ಸಿ ಮಕ್ಕಳಿಗೆ ಫಿಸಿಕ್ಸ್ ಹೇಳಿಕೊಡುತ್ತೇನೆ. ವಿಕಿರಣದ ಒಂದು ಗ್ರೇ ಡೋಸ್ ಅಂದರೆ ಕಿಲೋಗೆ ಒಂದು ಜೂಲ್. ಆಲ್ಫಾ ಆದರೂ ಗಾಮಾ ಆದರೂ ಶಕ್ತಿ ಅಷ್ಟೇ, ಹಾಗಾದರೆ ಆಲ್ಫಾ ಹಾನಿ ಯಾಕೆ ಜಾಸ್ತಿ ಅಂತ ಮಕ್ಕಳು ಕೇಳುತ್ತಾರೆ. ಒಳ್ಳೆಯ ಪ್ರಶ್ನೆ ಅಲ್ವಾ?

ಒಂದು ಗ್ರೇ ಗಾಮಾದಲ್ಲಿ ಜೀವಕೋಶದ ನ್ಯೂಕ್ಲಿಯಸ್ ಮೂಲಕ ನೂರಾರು ಎಲೆಕ್ಟ್ರಾನ್‌ಗಳು ಹಾಯುತ್ತವೆ, ಪೆಟ್ಟುಗಳು ಚದುರಿ ಬೀಳುತ್ತವೆ. ಆಲ್ಫಾದಲ್ಲಿ ಕೆಲವೇ ಕಣಗಳು. ಆದರೆ ಪ್ರತಿ ಕಣ ಮೈಕ್ರೋಮೀಟರಿಗೆ ಸುಮಾರು 100 ಕೆಇವಿ ಶಕ್ತಿ ಸುರಿಯುತ್ತದೆ. ಆಗ ಪೆಟ್ಟುಗಳ ನಡುವಿನ ಅಂತರ ಸುಮಾರು 2 ನ್ಯಾನೋಮೀಟರ್, ಅಂದರೆ ಡಿಎನ್‌ಎಯ ಅಗಲದಷ್ಟೇ. ಎರಡೂ ಎಳೆ ಒಟ್ಟಿಗೇ ತುಂಡಾಗುತ್ತವೆ. ಜೀವಕೋಶಕ್ಕೆ ಅದನ್ನು ಸರಿಮಾಡುವುದು ಕಷ್ಟ.

ಎರಡರಲ್ಲೂ ಡೋಸಿಗೆ ಎಷ್ಟು ಜೀವಕೋಶ ಉಳಿಯುತ್ತವೆ ಎಂದು ಒಂದೇ ಗ್ರಾಫ್‌ನಲ್ಲಿ ತೋರಿಸಬೇಕು. ಗಾಮಾ ಗೆರೆ ಮೊದಲು ಬಾಗಿ ಇಳಿಯುತ್ತದೆ, ಆಲ್ಫಾದ್ದು ಹೆಚ್ಚುಕಡಿಮೆ ನೇರ. ಹಾಗಾಗಿ ಆರ್‌ಬಿಇ, ಅಂದರೆ ಅಷ್ಟೇ ಹಾನಿಗೆ ಗಾಮಾ ಡೋಸ್ ಆಲ್ಫಾದ ಎಷ್ಟು ಪಟ್ಟು ಬೇಕು ಎನ್ನುವ ಲೆಕ್ಕ, ಕಡಿಮೆ ಡೋಸಿನಲ್ಲಿ ಇನ್ನೂ ಜಾಸ್ತಿ. ನಿಜವಾದ ಅಳತೆಗಳಿರುವ ಗ್ರಾಫ್ ಯಾರ ಹತ್ತಿರವಾದರೂ ಇದ್ದರೆ ದಯವಿಟ್ಟು ಕಳಿಸಿ. ರೇಡಿಯೋಥೆರಪಿ ವಿಭಾಗದಲ್ಲಿ ಕೆಲಸ ಮಾಡುವವರು ಕ್ಲಾಸಿಗೆ ಬಂದು ಮಾತಾಡಿದರೆ ಇನ್ನೂ ಸಂತೋಷ.